ಭೀಮನ ಅಮಾವಾಸ್ಯೆಗೆ ಚೀಟಿ ಬಂದ್

ಮೈಸೂರಿನ ಸರಸ್ವತಿಪುರಂನ ನಮ್ಮ ಹೊಲಿಗೆ ಅಂಗಡಿಯಲ್ಲಿ ಅಳತೆ ತೆಗೆಯುವ ಮೇಜಿನ ಹಿಂದೆ, ನಿಂತವರ ಕಣ್ಣಿಗೆ ನೇರವಾಗಿ ಬೀಳುವ ಎತ್ತರದಲ್ಲಿ ಒಂದು ಬಿಳಿ ಬೋರ್ಡ್ ಇದೆ. ವರ್ಷದ ಹತ್ತು ತಿಂಗಳು ಅದರ ಮೇಲೆ ಏನೂ ಇರುವುದಿಲ್ಲ. ಆಷಾಢ ಹುಟ್ಟಿದ ವಾರ ಅದರ ಮೇಲೆ ವರಮಹಾಲಕ್ಷ್ಮಿ ಹಬ್ಬದ ಕೊನೆಯ ದಿನಾಂಕ ಬರುತ್ತದೆ. ಅದನ್ನು ಓದಿದವರಲ್ಲಿ ಅರ್ಧ ಜನ ಕೇಳುವ ಪ್ರಶ್ನೆ ಒಂದೇ: "ಹಬ್ಬಕ್ಕೆ ಇನ್ನೂ ಹದಿನೈದು ದಿನ ಇರುತ್ತಲ್ಲಕ್ಕ, ಒಂದು ಬ್ಲೌಸ್‌ಗೆ ಅಷ್ಟು ದಿನ ಯಾಕೆ?"

ಒಂದು ಬ್ಲೌಸ್‌ಗೆ ಅಷ್ಟು ದಿನ ಬೇಡ. ಲೈನಿಂಗ್ ಹಾಕಿದ ಸಾದಾ ಬ್ಲೌಸ್ ಒಂದನ್ನೇ ಹಿಡಿದು ಕೂತರೆ ಕಟಿಂಗ್‌ನಿಂದ ಹುಕ್ಸ್‌ವರೆಗೆ ಮೂರು ಗಂಟೆಯ ಕೆಲಸ. ಆದರೆ ಆ ದಿನಾಂಕ ಒಂದು ಬ್ಲೌಸಿನ ಲೆಕ್ಕವಲ್ಲ, ಇಡೀ ಬೀದಿಯ ಲೆಕ್ಕ. ಅದು ಹೇಗೆ ಬರುತ್ತದೆ ಅನ್ನುವುದು ಗೊತ್ತಿದ್ದರೆ ಬಟ್ಟೆ ಕೊಡುವವರಿಗೂ ಅನುಕೂಲ, ಹೊಸದಾಗಿ ಅಂಗಡಿ ಇಟ್ಟ ಹೆಣ್ಣುಮಕ್ಕಳಿಗೂ ಅನುಕೂಲ. 2025ರ ದಿನಾಂಕಗಳನ್ನೇ ಹಿಡಿದು, ನಮ್ಮ ಅಂಗಡಿಯ ಲೆಕ್ಕವನ್ನು ಇಲ್ಲಿ ಬಿಡಿಸಿಡುತ್ತೇನೆ.

ಆ ವರ್ಷ ವರಮಹಾಲಕ್ಷ್ಮಿ ಹಬ್ಬ ಆಗಸ್ಟ್ 8, ಶುಕ್ರವಾರ. ನಾವು ಲೆಕ್ಕವನ್ನು ಹಬ್ಬದಿಂದ ಹಿಂದಕ್ಕೆ ಎಣಿಸುತ್ತೇವೆ. ಗುರುವಾರ ಹೆಂಗಸರು ದೇವರಾಜ ಮಾರುಕಟ್ಟೆಯಲ್ಲಿ ಹೂವು, ಹಣ್ಣು, ಬಾಳೆಕಂದು ಅಂತ ಓಡಾಡುತ್ತಾರೆ. ಅವತ್ತು ಅಂಗಡಿಗೆ ಬರುವವರು ಹಾಕಿನೋಡಿ ಬಿಗಿಯಾದದ್ದನ್ನು ಬಿಡಿಸಿಕೊಳ್ಳಲಿಕ್ಕೆ ಬರುತ್ತಾರೆ, ಅಷ್ಟೆ. ಹಾಗಾಗಿ ಎಲ್ಲ ಬ್ಲೌಸ್‌ಗಳೂ ಬುಧವಾರ 6ರ ಸಂಜೆಗೆ ಗಿರಾಕಿಗಳ ಕೈ ಸೇರಿರಬೇಕು, ಮಂಗಳವಾರ 5ಕ್ಕೆ ಮಿಷನ್ ಕೆಲಸ ಮುಗಿದಿರಬೇಕು. ಜುಲೈ 24, ಗುರುವಾರ ಭೀಮನ ಅಮಾವಾಸ್ಯೆ. ಮರುದಿನ ಶ್ರಾವಣ. 25ರಿಂದ 5ರವರೆಗೆ ಎರಡು ಭಾನುವಾರ ಕಳೆದರೆ ಹತ್ತು ದಿನ. ಅದರಲ್ಲಿ 29 ನಾಗರ ಪಂಚಮಿ, ಕೆಲಸದವರು ಬರುವುದಿಲ್ಲ. ಉಳಿದದ್ದು ಒಂಬತ್ತು ದಿನ.

ನಮ್ಮಲ್ಲಿ ಎರಡು ಮಿಷನ್. ಕಟಿಂಗ್ ನನ್ನದೇ ಆದ್ದರಿಂದ ನಾನು ದಿನಕ್ಕೆ ಮೂರು ಬ್ಲೌಸ್ ಹೊಲಿಯಬಲ್ಲೆ, ಇನ್ನೊಬ್ಬಾಕೆ ನಾಲ್ಕು. ದಿನಕ್ಕೆ ಏಳು, ಒಂಬತ್ತು ದಿನಕ್ಕೆ 63. ಇಷ್ಟಕ್ಕೇ ನಿಲ್ಲಿಸಿ 63 ಚೀಟಿ ಬರೆದುಬಿಡುವುದು ಹೊಸಬರು ಮಾಡುವ ತಪ್ಪು. ಒಂದು ಮಧ್ಯಾಹ್ನ ಕರೆಂಟ್ ಹೋಗುತ್ತದೆ, ಒಂದು ದಿನ ಯಾರಿಗೋ ಜ್ವರ ಬರುತ್ತದೆ, ಹೊಲಿದು ಕೊಟ್ಟದ್ದರಲ್ಲಿ ನಾಲ್ಕೈದು ತೋಳು ಬಿಗಿ ಎಂದು ವಾಪಸ್ ಬರುತ್ತವೆ. ಐದರಲ್ಲಿ ಒಂದು ಪಾಲನ್ನು ಇದಕ್ಕೆಲ್ಲ ಬಿಟ್ಟರೆ 50. ಅಂದರೆ ಭೀಮನ ಅಮಾವಾಸ್ಯೆಯ ಸಂಜೆ ಅಂಗಡಿ ಮುಚ್ಚುವಾಗ ಹೊಲಿಯದೆ ಉಳಿದ ಚೀಟಿಗಳು, ಹಳೆಯದು ಹೊಸದು ಎಲ್ಲ ಸೇರಿ, 50 ದಾಟಬಾರದು. ಅದರಲ್ಲೂ ಐದನ್ನು ತಡವಾಗಿ ಬರುವವರಿಗೆಂದು ಖಾಲಿ ಇಡುತ್ತೇವೆ. ಬರೆಯುವುದು 45.

ಮಿಷನ್ ಎಷ್ಟೇ ಓಡಲಿ, ಕೊನೆಗೆ ಬ್ಲೌಸ್ ಹೋಗಿ ನಿಲ್ಲುವುದು ಕೈಹೊಲಿಗೆಯವರ ಮುಂದೆ. ಕುತ್ತಿಗೆಯ ಪೈಪಿಂಗ್ ಮಡಚಿ ಹೆಮ್ಮಿಂಗ್ ಮಾಡಬೇಕು, ಹುಕ್ಸ್ ಕೂರಿಸಬೇಕು, ಅದಕ್ಕೆ ದಾರದ ಕಾಜ ಹೆಣೆಯಬೇಕು. ಒಂದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ನಮ್ಮ ಕೈಹೊಲಿಗೆಯಾಕೆ ಮನೆಯಲ್ಲಿ ಕೂತು ದಿನಕ್ಕೆ ಏಳು ಮಾಡಿದರೆ ಹೆಚ್ಚು. ಮೂರನೆಯ ಮಿಷನ್ ತಂದು ಹಾಕಿದರೂ ಅವರು ಒಬ್ಬರೇ ಆದರೆ ದಿನಕ್ಕೆ ಏಳೇ ಹೊರಬರುವುದು. ಹಬ್ಬದ ಹಿಂದಿನ ದಿನ "ಹೊಲಿದಾಗಿದೆ, ಹುಕ್ಸ್ ಮಾತ್ರ ಬಾಕಿ" ಎಂಬ ಮಾತನ್ನು ನೀವು ಎಲ್ಲಾದರೂ ಕೇಳಿದ್ದರೆ, ಆ ಅಂಗಡಿಯವರು ಮಿಷನ್ ಎಣಿಸಿ ಚೀಟಿ ಬರೆದಿದ್ದಾರೆ, ಕೈಗಳನ್ನು ಎಣಿಸಿಲ್ಲ ಎಂದು ತಿಳಿಯಬಹುದು.

ಇದೆಲ್ಲ ಆದಮೇಲೆ ಬೋರ್ಡಿಗೆ ಬಂದದ್ದು ಇದು:

"ವರಮಹಾಲಕ್ಷ್ಮಿ ಹಬ್ಬ (ಆಗಸ್ಟ್ 8, ಶುಕ್ರವಾರ)
ಆರಿ ವರ್ಕ್ ಇರುವ ಬ್ಲೌಸ್: ಜುಲೈ 10, ಗುರುವಾರ ಕೊನೆ.
ಕುಚ್ಚು ಕಟ್ಟಿಸುವ ಸೀರೆ: ಜುಲೈ 19, ಶನಿವಾರ ಕೊನೆ.
ಸಾದಾ ಲೈನಿಂಗ್ ಬ್ಲೌಸ್: ಜುಲೈ 24, ಭೀಮನ ಅಮಾವಾಸ್ಯೆ ಕೊನೆ. ಅದಕ್ಕೆ ಮುಂಚೆ 45 ಚೀಟಿ ತುಂಬಿದರೆ ಅವತ್ತೇ ಕೊನೆ.
ಆಮೇಲೆ ಬಂದದ್ದರಲ್ಲಿ ಐದು ಬ್ಲೌಸ್ ಮಾತ್ರ ತೆಗೆದುಕೊಳ್ಳುತ್ತೇವೆ. ಸಾದಾ ಮಾದರಿ ಮಾತ್ರ. ಮಜೂರಿ ಒಂದೂವರೆ ಪಟ್ಟು.
ಮೊದಲು ಕೊಟ್ಟವರ ಬಟ್ಟೆಯನ್ನು ಹಿಂದೆ ಸರಿಸಿ ತಡವಾಗಿ ಬಂದದ್ದನ್ನು ಹೊಲಿಯುವುದಿಲ್ಲ.
ಬಿಡಿಸುವುದು, ಬಿಗಿ ಮಾಡುವುದು: ಆಗಸ್ಟ್ 7, ಗುರುವಾರ ಸಂಜೆಯವರೆಗೆ."

ದಿನಾಂಕದ ಜೊತೆ ವಾರವನ್ನೋ ಹಬ್ಬದ ಹೆಸರನ್ನೋ ಬರೆಯುವುದು ಮುಖ್ಯ. ಜುಲೈ 24 ಎಂದರೆ ಮರೆಯುತ್ತದೆ, ಭೀಮನ ಅಮಾವಾಸ್ಯೆ ಎಂದರೆ ಯಾರಿಗೂ ಮರೆಯುವುದಿಲ್ಲ. ಇದೇ ಬೋರ್ಡಿನ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕುತ್ತೇವೆ, ಚೀಟಿಯ ಹಿಂದೆಯೂ ರಬ್ಬರ್ ಸ್ಟ್ಯಾಂಪ್ ಒತ್ತುತ್ತೇವೆ.

ಮೂರು ದಿನಾಂಕ ಯಾಕೆ ಎಂದರೆ, ಹಬ್ಬದ ಬ್ಲೌಸ್ ಮೂರು ಮನೆ ತಿರುಗಿ ಬರುತ್ತದೆ. ಆರಿ ಕೆಲಸ ಮೊದಲು, ಕಟಿಂಗ್ ಆಮೇಲೆ. ಬ್ಲೌಸ್ ಪೀಸಿನ ಮೇಲೆ ನಾನು ಕುತ್ತಿಗೆ, ತೋಳು ಗುರುತು ಹಾಕಿ ಕೊಟ್ಟರೆ, ಕಟ್ಟಿಗೆ ಚೌಕಟ್ಟಿಗೆ ಬಿಗಿದು ಸೂಜಿಯಲ್ಲಿ ಮಣಿ, ಜರಿ ದಾರ ಕೂರಿಸುತ್ತಾರೆ. ಸಣ್ಣ ಬಾರ್ಡರ್ ಕೆಲಸಕ್ಕೂ ಎರಡು ಮೂರು ದಿನ ಬೇಕು. ಆ ಚೌಕಟ್ಟಿನವರಿಗೆ ನಮ್ಮ ಅಂಗಡಿಯೊಂದೇ ಅಲ್ಲ, ಏಳೆಂಟು ಅಂಗಡಿಯ ಬಟ್ಟೆ ಬಂದು ಬಿದ್ದಿರುತ್ತದೆ. ಸೀರೆಯ ಕುಚ್ಚೂ ಹಾಗೇ. ಸೆರಗಿನ ದಾರ ಬಿಡಿಸಿ ಗಂಟು ಹಾಕುವುದೋ, ಕ್ರೋಶಾ ಕಡ್ಡಿಯಲ್ಲಿ ಹೆಣೆಯುವುದೋ, ಯಾವುದಾದರೂ ಮನೆಯಲ್ಲಿ ಕೂತ ಹೆಂಗಸರ ಕೈಕೆಲಸ. ಬ್ಲೌಸ್ ಪೀಸ್ ಸೀರೆಯಲ್ಲೇ ಸೇರಿಕೊಂಡಿದ್ದರೆ ಮೊದಲು ಅದನ್ನು ಕತ್ತರಿಸಿಕೊಂಡು ಸೀರೆಯನ್ನು ಫಾಲ್, ಜಿಗ್‌ಜ್ಯಾಗ್, ಕುಚ್ಚಿಗೆ ಕಳಿಸಬೇಕು. ಹಾಗೆ ಮಾಡಿದರೆ ಎರಡೂ ಕೆಲಸ ಜೊತೆಯಾಗಿ ನಡೆಯುತ್ತದೆ. ಎಷ್ಟೋ ಜನ ಕುಚ್ಚು ಕಟ್ಟಿಸಿಕೊಂಡು ಬಂದು ಆಮೇಲೆ ಬ್ಲೌಸ್‌ಗೆ ಕೊಡುತ್ತಾರೆ. ಅಲ್ಲಿ ಒಂದು ವಾರ ಸುಮ್ಮನೆ ಕಳೆದುಹೋಗಿರುತ್ತದೆ.

ಆಷಾಢದ ವಿಷಯ ಇಲ್ಲೇ ಹೇಳಬೇಕು. ಆ ತಿಂಗಳು ಮದುವೆಗಳಿಲ್ಲ, ನಮ್ಮ ಮಿಷನ್‌ಗಳು ಅರ್ಧ ದಿನ ಸುಮ್ಮನಿರುತ್ತವೆ. ದೇವರಾಜ ಅರಸ್ ರಸ್ತೆಯಲ್ಲಿ ಆಷಾಢದ ಸೇಲ್ ಇರುವುದೂ ಆಗಲೇ. ಜನ ಸೀರೆ ಕೊಳ್ಳುವುದು ಆಷಾಢದಲ್ಲಿ, ಹೊಲಿಯಲು ತರುವುದು ಶ್ರಾವಣದಲ್ಲಿ. ಆಷಾಢದಲ್ಲಿ ಹೊಸ ಬಟ್ಟೆಗೆ ಕತ್ತರಿ ಹಾಕಿಸಬಾರದು ಎಂದು ಕೆಲವರ ಮನೆಯಲ್ಲಿ ಹಿರಿಯರು ಹೇಳುತ್ತಾರೆ, ಅದನ್ನು ನಾನು ಪ್ರಶ್ನಿಸುವುದಿಲ್ಲ. ಅಂಥವರಿಗೂ ದಾರಿ ಇದೆ. ಆಷಾಢದಲ್ಲಿ ಬಂದು ಅಳತೆ ಕೊಟ್ಟು, ಲೈನಿಂಗ್ ಬಟ್ಟೆ ಕೊಟ್ಟು, ಚೀಟಿ ಬರೆಸಿ ಹೋಗಿ. ಕತ್ತರಿ ಶ್ರಾವಣದ ಮೊದಲ ದಿನವೇ ಹಾಕುತ್ತೇನೆ. 2025ರಲ್ಲಿ ಆಷಾಢ ಶುಕ್ರವಾರಗಳು ಜೂನ್ 27ರಿಂದ ಜುಲೈ 18ರವರೆಗೆ ನಾಲ್ಕು ಬಂದವು. ಚಾಮುಂಡಿ ಬೆಟ್ಟಕ್ಕೆ ಹೋಗಿ ಬಂದು ಅದೇ ಸಂಜೆ ಬ್ಯಾಗ್ ಕೊಟ್ಟು ಹೋದ ಗಿರಾಕಿಗಳ ಒಂದು ಬ್ಲೌಸೂ ತಡವಾಗಲಿಲ್ಲ.

ಈಗ ಲೈನಿಂಗ್ ಬಗ್ಗೆ. ತಡವಾಗಿ ಬಂದ ಬ್ಲೌಸ್ ಕೆಡುವುದು ಹೆಚ್ಚಾಗಿ ಇಲ್ಲೇ, ಅದೂ ಹಬ್ಬ ಮುಗಿದಮೇಲೆ ಗೊತ್ತಾಗುತ್ತದೆ. ರೇಷ್ಮೆಯ ಒಳಗೆ ಹಾಕುವ ಹತ್ತಿ ಬಟ್ಟೆ ಮೊದಲ ಸಲ ನೀರು ಕಂಡಾಗ ಕುಗ್ಗುತ್ತದೆ. ಅದನ್ನು ರಾತ್ರಿ ನೆನೆಸಿ, ಹಿಂಡದೆ ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿಸಬೇಕು. ಬೇಸಿಗೆಯಲ್ಲಿ ಇದು ಒಂದು ದಿನದ ಕೆಲಸ. ಶ್ರಾವಣದ ಮೈಸೂರಿನಲ್ಲಿ ಬೆಳಗಿನಿಂದ ಮೋಡ, ನಡುವೆ ಜಿಟಿಜಿಟಿ ಹನಿ. ಎರಡು ದಿನವಾದರೂ ಬಟ್ಟೆ ಒಳಗೊಳಗೇ ತೇವವಾಗಿರುತ್ತದೆ. ಕೆಲವು ವರ್ಷದ ಹಿಂದೆ, ಹಬ್ಬಕ್ಕೆ ಮೂರು ದಿನ ಇರುವಾಗ ಒಂದು ಬ್ಲೌಸ್ ತೆಗೆದುಕೊಂಡು, ಸರಿಯಾಗಿ ಒಣಗದ ಲೈನಿಂಗನ್ನು ಇಸ್ತ್ರಿಯಲ್ಲೇ ಒಣಗಿಸಿ ಕತ್ತರಿಸಿದೆ. ಒದ್ದೆ ಬಟ್ಟೆ ಇಸ್ತ್ರಿಯ ಎಳೆತಕ್ಕೆ ಹಿಗ್ಗಿತ್ತು. ಹಬ್ಬದ ದಿನ ಚೆನ್ನಾಗಿಯೇ ಕೂತಿತ್ತು. ಹಬ್ಬ ಕಳೆದು ಬೆವರಿಗೆ ಒಂದು ಸಲ ನೀರಿನಲ್ಲಿ ಅದ್ದಿ ತೆಗೆದಾಗ ಕಂಕುಳ ಹತ್ತಿರ, ಎದೆಯ ಟಕ್ಸ್ ಸುತ್ತ ರೇಷ್ಮೆ ಸುಕ್ಕುಸುಕ್ಕಾಗಿ ಎದ್ದು ನಿಂತಿತು. ಎಷ್ಟು ಇಸ್ತ್ರಿ ಮಾಡಿದರೂ ಕೂರಲಿಲ್ಲ. ಒಳಬಟ್ಟೆ ಗಿಡ್ಡವಾಗಿ ಮೇಲಿನ ಬಟ್ಟೆಯನ್ನು ಎಳೆಯುತ್ತಿತ್ತು. ಪೂರ್ತಿ ಬಿಚ್ಚಿ ಹೊಸ ಲೈನಿಂಗ್ ಹಾಕಿಕೊಟ್ಟೆ. ಅದು ಅವರಮ್ಮ ಕೊಡಿಸಿದ ಸೀರೆಯ ಬ್ಲೌಸ್. ಅವರ ಮುಖ ನನಗೆ ಇವತ್ತಿಗೂ ನೆನಪಿದೆ. ಅಂದಿನಿಂದ, ಲೈನಿಂಗ್ ಒಣಗಲು ದಿನವಿಲ್ಲದ ಬ್ಲೌಸನ್ನು ನಾನು ಮುಟ್ಟುವುದಿಲ್ಲ.

ಮೈಸೂರು ಸಿಲ್ಕಿನ ಕ್ರೇಪ್ ಆದರೆ ಇನ್ನೂ ನಿಧಾನ. ಅದರ ನೂಲನ್ನು ಬಿಗಿಯಾಗಿ ಹುರಿ ಮಾಡಿರುತ್ತಾರೆ. ಕತ್ತರಿ ಹಾಕುವಾಗ ಮೇಜಿನ ಮೇಲೆ ಜಾರುತ್ತದೆ, ನೀರು ಬಿದ್ದ ಕಡೆ ಸುರುಟಿಕೊಳ್ಳುತ್ತದೆ. ಲೈನಿಂಗಿಗೆ ಮೊದಲು ಕಚ್ಚಾ ಹೊಲಿಗೆ ಹಾಕಿ ಹಿಡಿದಿಟ್ಟುಕೊಂಡೇ ಹೊಲಿಯಬೇಕು. ಅದನ್ನು ನಾನು ಎರಡು ಚೀಟಿ ಎಂದೇ ಎಣಿಸುತ್ತೇನೆ.

ತಡವಾಗಿ ಬಂದವರನ್ನು ಹೇಗೆ ನೋಡಿಕೊಳ್ಳುತ್ತೇವೆ ಅನ್ನುವುದಕ್ಕೆ ಆಗಸ್ಟ್ 2ರ ಶನಿವಾರದ ಸಂಜೆಯನ್ನೇ ಹೇಳುತ್ತೇನೆ. ಹಬ್ಬಕ್ಕೆ ಆರು ದಿನ. ಐದು ಖಾಲಿ ಚೀಟಿಯಲ್ಲಿ ಉಳಿದದ್ದು ಒಂದು. ಏಳು ಗಂಟೆಗೆ ಹಾಸ್ಟೆಲಿನ ಹುಡುಗಿಯೊಬ್ಬಳು ಬಂದಳು. ಮಾನಸಗಂಗೋತ್ರಿಯಲ್ಲಿ ಓದುವ ಹುಡುಗಿ. ಅವಳ ತಾಯಿ ಊರಿನಿಂದ ಸೀರೆ ಕಳಿಸಿದ್ದಾರೆ, ಅದು ಅವತ್ತೇ ತಲುಪಿದೆ.

"ಅಕ್ಕ, ಶುಕ್ರವಾರ ಉಡಬೇಕು. ಬೋರ್ಡ್ ನೋಡ್ದೆ. ಆದ್ರೂ ಕೇಳೋಣ ಅಂತ ಬಂದೆ."

ಇಂಥವರಿಗೆ ನಾನು ನಾಲ್ಕು ಪ್ರಶ್ನೆ ಕೇಳುತ್ತೇನೆ. ಬ್ಲೌಸ್ ಪೀಸ್ ಕತ್ತರಿಸಿ ತಂದಿದ್ದೀಯಾ? ಇಲ್ಲ, ಸೀರೆಯಲ್ಲೇ ಇದೆ. ಅಳತೆ ಬ್ಲೌಸ್ ಇದೆಯಾ? ಇದೆ, ಆದರೆ ಪಿಯುಸಿಯಲ್ಲಿ ಹೊಲಿಸಿದ್ದು. ಲೈನಿಂಗ್? ಇಲ್ಲ. ಮಾದರಿ? "ನೀವು ಹೇಳಿದ್ದು." ಈ ಕೊನೆಯ ಉತ್ತರದಿಂದಲೇ ಕೆಲಸ ಆಗುತ್ತದೆ ಎಂದು ನನಗೆ ಅನಿಸಿತು. ಪ್ಯಾಡ್ ಇಲ್ಲ, ಪ್ರಿನ್ಸೆಸ್ ಕಟ್ ಇಲ್ಲ, ಬೆನ್ನಿಗೆ ದಾರ ಇಲ್ಲ. ಮುಂದೆ ಹುಕ್ಸ್, ದುಂಡು ಕುತ್ತಿಗೆ, ಮೊಣಕೈವರೆಗೆ ತೋಳು. ಹಳೆಯ ಬ್ಲೌಸನ್ನು ನಂಬದೆ ಮೈಮೇಲೆ ಟೇಪ್ ಹಿಡಿದು ಅಳತೆ ತೆಗೆದೆ. ಎದೆ ಎರಡು ಇಂಚು ಹೆಚ್ಚಿತ್ತು. ಹಳೆಯದನ್ನೇ ಇಟ್ಟು ಕತ್ತರಿಸಿದ್ದರೆ ಮಂಗಳವಾರದ ಟ್ರಯಲ್‌ನಲ್ಲಿ ಎಲ್ಲ ನಿಂತುಹೋಗುತ್ತಿತ್ತು.

ಮಜೂರಿಯನ್ನು ಅಲ್ಲೇ ಹೇಳಿದೆ. 600 ಇದ್ದದ್ದು 900 ಆಗುತ್ತದೆ. ಹೆಚ್ಚಿನ 300ರಲ್ಲಿ 200 ರೂಪಾಯಿ ಮಿಷನ್‌ನಾಕೆಗೂ ಕೈಹೊಲಿಗೆಯಾಕೆಗೂ ಹೋಗುತ್ತದೆ, ಯಾಕೆಂದರೆ ಅದನ್ನು ಅವರು ಏಳು ಗಂಟೆಯ ಮೇಲೆ ಕೂತು ಮಾಡುತ್ತಾರೆ. ಅರ್ಜೆಂಟ್ ದುಡ್ಡು ಸಾಲಿನಲ್ಲಿ ಮುಂದೆ ಬರಲಿಕ್ಕೆ ಕೊಡುವ ದುಡ್ಡಲ್ಲ. ಅದು ಆ ಹೆಚ್ಚಿನ ಗಂಟೆಯ ಕೂಲಿ. ಹಾಗೆ ಅಲ್ಲದೆ ಮೊದಲು ಕೊಟ್ಟವರ ಬ್ಲೌಸನ್ನು ಪಕ್ಕಕ್ಕಿಟ್ಟು ಇದನ್ನು ಹೊಲಿದರೆ, ಬೋರ್ಡ್ ನೋಡಿ ಜುಲೈಯಲ್ಲೇ ತಂದುಕೊಟ್ಟವರಿಗೆ ಮೋಸ ಮಾಡಿದಂತೆ.

ಲೈನಿಂಗಿಗೆ ಮಾತ್ರ ಉಪಾಯ ಬೇಕಾಯಿತು. ನಾವು ಆಷಾಢದಲ್ಲೇ ಬಿಳಿ, ಕೆಂಪು, ಹಸಿರು, ಮರೂನ್, ಕಡುನೀಲಿ ಬಣ್ಣದ ಲೈನಿಂಗ್ ತಂದು ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಇಟ್ಟಿರುತ್ತೇವೆ. ಅವಳ ಸೀರೆಗೆ ಮರೂನ್ ಹೊಂದಿತು. ಹೊಂದದೆ ಇದ್ದಿದ್ದರೆ ಬೇಡ ಎನ್ನುತ್ತಿದ್ದೆ. ಬೇರೆ ಹೊಲಿಗೆಯವರಿಗೂ ಇದನ್ನು ಹೇಳುತ್ತೇನೆ: ಐದು ಬಣ್ಣದಲ್ಲಿ ಒಂದೊಂದು ಮೀಟರ್ ನೆನೆಸಿಟ್ಟುಕೊಂಡರೆ, ತಡವಾಗಿ ಬಂದ ಬ್ಲೌಸಿನ ಎರಡು ದಿನ ಉಳಿಯುತ್ತದೆ.

ಸೋಮವಾರ ಬೆಳಿಗ್ಗೆ ಕಟಿಂಗ್, ಮಂಗಳವಾರ ಹೊಲಿಗೆ, ಸಂಜೆ ಟ್ರಯಲ್, ಬುಧವಾರ ಹುಕ್ಸ್, ಸಂಜೆ ಅವಳ ಕೈಗೆ. ಕುಚ್ಚು ಆಗಲಿಲ್ಲ, ಆಗುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದೆ. ಫಾಲ್, ಜಿಗ್‌ಜ್ಯಾಗ್ ಹಾಕಿಸಿ ಉಟ್ಟುಕೊಂಡಳು. ಹಬ್ಬ ಕಳೆದಮೇಲೆ ಕುಚ್ಚಿಗೆ ಕೊಟ್ಟಳು.

ಅದೇ ಸಂಜೆ ಎಂಟಕ್ಕೆ ಹತ್ತು ವರ್ಷದಿಂದ ನಮ್ಮಲ್ಲೇ ಹೊಲಿಸುವ ಮೇಡಂ ಒಬ್ಬರು ಬಂದರು. ತೋಳಿಗೆ ಆರಿ ಕೆಲಸ ಬೇಕು, ಹೊಸ ಬಟ್ಟೆ. "ನಂಗೂ ಇಲ್ಲ ಅಂತೀರಾ?" ಎಂದರು. ಇಲ್ಲ ಎಂದೆ. ಹಳೆಯ ಗಿರಾಕಿಗೆ ಇಲ್ಲ ಎನ್ನುವುದು ಕಷ್ಟ. ಆದರೆ ಆಗಲಿ ಎಂದು ಹೇಳಿ ಗುರುವಾರ ರಾತ್ರಿ ಕೈಚೆಲ್ಲುವುದು ಅದಕ್ಕಿಂತ ಕೆಟ್ಟದ್ದು. ಅಷ್ಟು ಹೊತ್ತಿಗೆ ಅವರಿಗೆ ಬೇರೆ ದಾರಿಯೇ ಇರುವುದಿಲ್ಲ. ಇಲ್ಲ ಎಂದಮೇಲೆ ಬದಲಿ ಏನು ಎಂದೂ ಹೇಳಬೇಕು. ಮನೆಯಲ್ಲಿ ಚಿನ್ನದ ಬಣ್ಣದ ಹಳೆಯ ಬ್ರೊಕೇಡ್ ಬ್ಲೌಸ್ ಇದೆಯಾ ಎಂದು ಕೇಳಿದೆ. ಇತ್ತು, ಬಿಗಿಯಾಗಿತ್ತು. ನಾವು ಹೊಲಿಯುವಾಗ ಎರಡೂ ಪಕ್ಕ ಒಳಗೆ ಒಂದೊಂದು ಇಂಚಿನ ಮೇಲೆ ಬಟ್ಟೆ ಬಿಟ್ಟಿರುತ್ತೇವೆ. ಅದನ್ನು ಬಿಚ್ಚಿ ಸುತ್ತಳತೆಯನ್ನು ಎರಡು ಇಂಚು ಬಿಟ್ಟೆ. ಅರ್ಧ ಗಂಟೆಯ ಕೆಲಸ. ಹೊಸ ಸೀರೆಗೆ ಅದೇ ಹೊಂದಿತು. ಹೊಸ ಬಟ್ಟೆಯ ಚೀಟಿಯನ್ನು ಗೌರಿ ಹಬ್ಬದ ಪಟ್ಟಿಯಲ್ಲಿ ಮೊದಲನೆಯದಾಗಿ ಬರೆದೆ. ಗುರುತು ಹಾಕಿ ಆರಿಯವರಿಗೆ ಅದೇ ವಾರ ಕಳಿಸಿದೆ.

ಐದು ಚೀಟಿ ಮುಗಿದಮೇಲೂ, ಹೆಚ್ಚು ಮಜೂರಿ ಇಲ್ಲದೆ ನಾನು ಮಾಡಿಕೊಡುವ ಕೆಲಸ ಎರಡಿವೆ. ಬಾಣಂತನ ಮುಗಿಸಿ ಮೈ ಬದಲಾಗಿ ಯಾವ ಬ್ಲೌಸೂ ಆಗದೆ ಬಂದವರಿಗೆ ಹಳೆಯದನ್ನು ಬಿಡಿಸಿಕೊಡುವುದು ಒಂದು. ಕಲಶಕ್ಕೆ ಉಡಿಸುವ ಲಕ್ಷ್ಮಿಯ ಸೀರೆಗೆ ನೆರಿಗೆ ಹಿಡಿದು ಹೊಲಿಗೆ ಹಾಕಿಕೊಡುವುದು ಇನ್ನೊಂದು. ಹತ್ತು ನಿಮಿಷದ ಕೆಲಸ, ಗುರುವಾರ ಮಧ್ಯಾಹ್ನವೂ ಮಾಡುತ್ತೇನೆ. ಬೋರ್ಡಿನಲ್ಲಿ ಇದನ್ನು ಬರೆದಿಲ್ಲ, ಬರೆದರೆ ಎಲ್ಲರೂ ಗುರುವಾರವೇ ಬರುತ್ತಾರೆ.

ಬಟ್ಟೆ ಕೊಡುವವರು ಬೋರ್ಡ್ ನೋಡುವುದರ ಜೊತೆಗೆ ಚೀಟಿಯನ್ನೂ ನೋಡಬೇಕು. ಟ್ರಯಲ್ ದಿನ ಬೇರೆ, ಕೊಡುವ ದಿನ ಬೇರೆ ಬರೆದಿರಲಿ. ಎರಡಕ್ಕೂ ಒಂದೇ ದಿನ ಬರೆದಿದ್ದರೆ ಸರಿಪಡಿಸಲು ಅವರ ಹತ್ತಿರ ಸಮಯವಿಲ್ಲ ಎಂದರ್ಥ. ನಡುವೆ ಒಂದು ಸಲ ಫೋನ್ ಮಾಡಿ "ಆಯ್ತಾ?" ಎನ್ನುವ ಬದಲು "ಕಟಿಂಗ್ ಆಯ್ತಾ?" ಎಂದು ಕೇಳಿ. ಆಯ್ತಾ ಎಂದರೆ ಎಲ್ಲರೂ ಆಗುತ್ತೆ ಎನ್ನುತ್ತಾರೆ. ಕಟಿಂಗ್ ಆಗಿಲ್ಲ ಎಂಬ ಉತ್ತರ ಹಬ್ಬಕ್ಕೆ ಐದು ದಿನ ಇರುವಾಗ ಬಂದರೆ, ಬಟ್ಟೆ ಇನ್ನೂ ಬ್ಯಾಗಿನಲ್ಲೇ ಇದೆ. ಕತ್ತರಿ ಬೀಳದ ಬಟ್ಟೆಯನ್ನು ವಾಪಸ್ ತೆಗೆದುಕೊಂಡು ಬೇರೆ ಕಡೆ ಕೊಡಬಹುದು. ಕತ್ತರಿ ಬಿದ್ದಮೇಲೆ ಯಾರೂ ತೆಗೆದುಕೊಳ್ಳುವುದಿಲ್ಲ, ಒಬ್ಬರ ಕಟಿಂಗನ್ನು ಇನ್ನೊಬ್ಬರು ಹೊಲಿಯುವುದು ಕಷ್ಟ.

ಹೋದ ವರ್ಷದ ಬೋರ್ಡನ್ನು ಈ ವರ್ಷ ನಂಬುವ ಹಾಗಿಲ್ಲ. 2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ಹಬ್ಬಗಳು ಮುಂದಕ್ಕೆ ಸರಿಯುತ್ತವೆ. 2025ರಲ್ಲಿ ಆಗಸ್ಟ್ 27ಕ್ಕೆ ಬಂದ ಗಣೇಶ ಚತುರ್ಥಿ 2026ರಲ್ಲಿ ಸೆಪ್ಟೆಂಬರ್ 14ಕ್ಕೆ. "ಹೋದ್ಸಲ ಇಷ್ಟೊತ್ತಿಗೆ ಕೊಟ್ಟಿದ್ದೆ" ಎನ್ನುವ ಲೆಕ್ಕವನ್ನು ಕ್ಯಾಲೆಂಡರ್ ನೋಡಿ ತಿದ್ದಿಕೊಳ್ಳಬೇಕು.

2025ರ ಆಗಸ್ಟ್ 7ರ ಸಂಜೆ, ಕೊನೆಯ ಬ್ಲೌಸಿನ ಪಕ್ಕ ಬಿಡಿಸಿ ಕೊಟ್ಟಮೇಲೆ, ನಾವು ಬೋರ್ಡ್ ಒರೆಸಿ ಗೌರಿ ಹಬ್ಬದ ಲೆಕ್ಕಕ್ಕೆ ಕೂತೆವು. ಹಬ್ಬ 26ಕ್ಕೆ, ಮಂಗಳವಾರ. ತವರಿಗೆ ಬರುವ ಹೆಣ್ಣುಮಕ್ಕಳಿಗೆ 23ರ ಶನಿವಾರವೇ ಬ್ಲೌಸ್ ಕೈಗೆ ಬರಬೇಕು. 15 ಸ್ವಾತಂತ್ರ್ಯ ದಿನ, ರಜೆ. 16ರಿಂದ 22ರವರೆಗೆ ಒಂದು ಭಾನುವಾರ ಕಳೆದು ಆರು ದಿನ. ಆರೇಳಲಿ 42, ಐದರ ಒಂದು ಪಾಲು ಬಿಟ್ಟು 33. ಹಬ್ಬ ಮುಗಿಸಿ ಅಂಗಡಿ ತೆರೆಯುವುದು 11ರ ಸೋಮವಾರ, ಚೀಟಿ ಬರೆಯಲು 14ರವರೆಗೆ ನಾಲ್ಕೇ ದಿನ. ಆ 33ರಲ್ಲಿ ಒಂಬತ್ತು ಆಗಲೇ ಬರೆದಾಗಿತ್ತು. ಎಲ್ಲವೂ ವರಮಹಾಲಕ್ಷ್ಮಿಗೆ ಇಲ್ಲ ಎಂದು ಹೇಳಿ ಕಳಿಸಿದವರದ್ದು.